ರಾತ್ರಿ ರೈಲು, ಹಗಲು ಊರು

ಅಕ್ಕ ಫೋನ್ ಮಾಡಿ ಪಟ್ಟಿ ಓದಿದಳು. ಬೆಂಗಳೂರಿನಿಂದ ಚೆನ್ನೈ, ಅಲ್ಲಿಂದ ತಂಜಾವೂರು, ಅಲ್ಲಿಂದ ಮಧುರೈ, ಮತ್ತೆ ಬೆಂಗಳೂರು. ಭಾವ, ಇಬ್ಬರು ಮಕ್ಕಳು ಸೇರಿ ನಾಲ್ಕು ಜನ. ಗಾಂಧಿ ಜಯಂತಿಯ ರಜೆಗೆ ಶನಿವಾರ, ಭಾನುವಾರ ಸೇರಿಸಿಕೊಂಡರೆ ಮೂರು ಹಗಲು ಸಿಗುತ್ತವೆ. "ರೈಲಿನ ಖರ್ಚು ಹೆಂಗೋ ಆಗುತ್ತೆ ಕಣೋ, ಲಾಡ್ಜಿನದ್ದೇ ತಲೆನೋವು. ನೀನು ಅಮ್ಮನ್ನ ಕರಕೊಂಡು ಹೋದಾಗ ರೂಮೇ ಮಾಡಲಿಲ್ಲವಂತೆ?" ಎಂದಳು.

ನಿಜ, ಮಾಡಿರಲಿಲ್ಲ. ಅದೇ ಮೂರು ಊರು, ನಾಲ್ಕು ರಾತ್ರಿ, ನಾಲ್ಕೂ ರಾತ್ರಿ ರೈಲಿನಲ್ಲೇ ಮಲಗಿದ್ದೆವು. ಆದರೆ ಅಕ್ಕನ ಪಟ್ಟಿಯ ಪ್ರಕಾರ ಹೊರಟರೆ ಅದು ಸಾಧ್ಯವಿಲ್ಲ. ತಪ್ಪು ಊರುಗಳಲ್ಲಿಲ್ಲ, ಅವುಗಳ ಅನುಕ್ರಮದಲ್ಲಿದೆ.

ನಕ್ಷೆಯನ್ನು ಮುಂದಿಟ್ಟುಕೊಂಡು ಪ್ರವಾಸ ಹಾಕುವಾಗ ನಾವೆಲ್ಲ ಮಾಡುವುದು ಒಂದೇ. ಹತ್ತಿರದ ಊರಿನ ಪಕ್ಕಕ್ಕೆ ಹತ್ತಿರದ ಊರನ್ನು ಇಡುತ್ತೇವೆ, ದಾರಿ ಉಳಿಯಲಿ ಎಂದು. ಕಾರಿನಲ್ಲಿ ಹೋಗುವವರಿಗೆ ಅದು ಸರಿ. ರೈಲಿನ ಬರ್ತ್ ಅನ್ನೇ ಹಾಸಿಗೆ ಮಾಡಿಕೊಳ್ಳುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು. ತಂಜಾವೂರಿನಿಂದ ಮಧುರೈಗೆ ನಾಲ್ಕು ಗಂಟೆಯ ಹಾದಿ. ರಾತ್ರಿ ಹತ್ತಕ್ಕೆ ಹತ್ತಿದರೆ ಎರಡು ಗಂಟೆಗೆ ಇಳಿಯಬೇಕು. ಆ ಹೊತ್ತಿನಲ್ಲಿ ಮಕ್ಕಳನ್ನು ಎಬ್ಬಿಸಿ ಇಳಿದು ಲಾಡ್ಜ್ ಹುಡುಕುವುದಕ್ಕಿಂತ ಮೊದಲೇ ರೂಮು ಮಾಡಿ ಮಲಗಿ, ಬೆಳಿಗ್ಗೆ ಹೊರಡುವುದು ವಾಸಿ. ಅಂದರೆ ಆ ಕೊಂಡಿ ಹಗಲಿನದ್ದಾಗುತ್ತದೆ. ಒಂದು ರಾತ್ರಿಯ ಬಾಡಿಗೆ ಬೀಳುತ್ತದೆ, ಜೊತೆಗೆ ಊರು ನೋಡಲು ಇದ್ದ ಅರ್ಧ ಹಗಲು ರೈಲಿಗೆ ಹೋಗುತ್ತದೆ.

ರಾತ್ರಿಯ ನಿದ್ದೆಗೆ ತಕ್ಕ ಹಾದಿ ಏಳು ಗಂಟೆಯಿಂದ ಹತ್ತು ಗಂಟೆಯದು. ದಕ್ಷಿಣದ ಸಾಮಾನ್ಯ ಎಕ್ಸ್‌ಪ್ರೆಸ್ ರೈಲುಗಳ ವೇಗಕ್ಕೆ ಅದು ಹೆಚ್ಚುಕಡಿಮೆ 350ರಿಂದ 500 ಕಿಲೋಮೀಟರ್. ಚೆನ್ನೈನಿಂದ ಮಧುರೈಗೆ ಸುಮಾರು 490 ಕಿಲೋಮೀಟರ್, ಒಂದು ರಾತ್ರಿಗೆ ಅಳೆದು ಕೊಟ್ಟ ಹಾಗಿದೆ. ಚೆನ್ನೈ–ತಂಜಾವೂರು ಸ್ವಲ್ಪ ಕಡಿಮೆ ದೂರ, ಆದರೂ ರಾತ್ರಿ ರೈಲು ಅದನ್ನು ಆರೇಳು ಗಂಟೆ ತೆಗೆದುಕೊಂಡೇ ಕ್ರಮಿಸುತ್ತದೆ. ಹಾಗಾಗಿ ಒಂದಕ್ಕೊಂದು ಹತ್ತಿರವಿರುವ ತಂಜಾವೂರನ್ನೂ ಮಧುರೈಯನ್ನೂ ಪಟ್ಟಿಯಲ್ಲಿ ಅಕ್ಕಪಕ್ಕ ಇಡಬಾರದು. ಅವೆರಡರ ನಡುವೆ ದೂರದ ಚೆನ್ನೈ ಬರಬೇಕು. ಬೆಂಗಳೂರು, ತಂಜಾವೂರು, ಚೆನ್ನೈ, ಮಧುರೈ, ಬೆಂಗಳೂರು. ನಕ್ಷೆಯ ಮೇಲೆ ಗೆರೆ ಎಳೆದರೆ ದಕ್ಷಿಣಕ್ಕೆ ಇಳಿದು, ಉತ್ತರಕ್ಕೆ ಹತ್ತಿ, ಮತ್ತೆ ದಕ್ಷಿಣಕ್ಕೆ ಇಳಿದ ಹಾಗೆ ಕಾಣುತ್ತದೆ. ಕಿಲೋಮೀಟರ್ ಹೆಚ್ಚಾಗುತ್ತದೆ, ಟಿಕೆಟ್ ದರವೂ ಸ್ವಲ್ಪ ಏರುತ್ತದೆ. ಆದರೆ ನಾಲ್ಕೂ ಕೊಂಡಿಗಳು ರಾತ್ರಿಯಲ್ಲೇ ಮುಗಿಯುತ್ತವೆ, ಮೂರು ಹಗಲೂ ಪೂರ್ತಿ ಊರಿಗೇ ಉಳಿಯುತ್ತವೆ.

ಇದನ್ನು ಹೇಳಿದಾಗ ಅಕ್ಕ ನಂಬಲಿಲ್ಲ. "ಅಷ್ಟು ಸುತ್ತು ಹಾಕಿ ದುಡ್ಡು ಉಳಿಯುತ್ತಾ?" ಎಂದಳು. ಉಳಿಯುತ್ತದೋ ಇಲ್ಲವೋ ಎಂಬುದು ಎಷ್ಟು ಜನ, ಯಾವ ದರ್ಜೆ ಎಂಬುದರ ಮೇಲೆ ನಿಂತಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ರೈಲುಗಳನ್ನು ನೋಡೋಣ. ಇಲ್ಲಿ ಹೇಳುವ ವೇಳೆಗಳು ಅಂದಾಜಿನವು. ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಮಾಡುವ ದಿನ ಮತ್ತೊಮ್ಮೆ ನೋಡಿಕೊಳ್ಳಬೇಕು.

ಮೊದಲ ರಾತ್ರಿಗೆ ಮೈಸೂರಿನಿಂದ ಬೆಂಗಳೂರಿನ ಮೂಲಕ ಮೈಲಾಡುತುರೈ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಇದೆ. ಮೈಸೂರನ್ನು ಮಧ್ಯಾಹ್ನ ಬಿಟ್ಟು, ಸಂಜೆ ಏಳರ ಹೊತ್ತಿಗೆ ಬೆಂಗಳೂರನ್ನು ಬಿಡುತ್ತದೆ. ತಂಜಾವೂರಿಗೆ ನಸುಕಿನ ನಾಲ್ಕರ ಸುಮಾರಿಗೆ ಬರುತ್ತದೆ. ಅದೇ ತೊಂದರೆ. ನಾಲ್ಕು ಗಂಟೆಗೆ ಇಳಿದವರು ಬೃಹದೀಶ್ವರ ದೇವಸ್ಥಾನದ ಬಾಗಿಲು ತೆರೆಯುವ ಆರು ಗಂಟೆಯವರೆಗೆ ಏನು ಮಾಡಬೇಕು? ಉಪಾಯ ಸುಲಭದ್ದು. ಅಲ್ಲಿ ಇಳಿಯದೆ ಕುಂಭಕೋಣದವರೆಗೆ ಟಿಕೆಟ್ ಮಾಡಬೇಕು. ಮುಕ್ಕಾಲು ಗಂಟೆ, ಒಂದು ಗಂಟೆ ನಿದ್ದೆ ಹೆಚ್ಚು ಸಿಗುತ್ತದೆ, ಇಳಿಯುವಾಗ ಊರು ಎದ್ದಿರುತ್ತದೆ, ಕಾಫಿ ಅಂಗಡಿಗಳಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತದೆ. ಕುಂಭಕೋಣದಲ್ಲಿ ವಿಜಯೀಂದ್ರ ತೀರ್ಥರ ಬೃಂದಾವನವಿದೆ. ರಾಯರ ಮಠಕ್ಕೆ ನಡೆದುಕೊಳ್ಳುವ ಮನೆಗಳವರು ಅದನ್ನು ಬಿಟ್ಟು ಬರುವುದಿಲ್ಲ. ಪಕ್ಕದ ದಾರಾಸುರಂನ ಐರಾವತೇಶ್ವರ ದೇವಸ್ಥಾನವನ್ನೂ ನೋಡಿ, ಒಂದು ಗಂಟೆಯ ದಾರಿಯ ತಂಜಾವೂರಿಗೆ ಬರಬಹುದು. ನಾಲ್ಕು ಜನಕ್ಕೆ ಕುಂಭಕೋಣದಲ್ಲೇ ದಿನದ ಬಾಡಿಗೆಗೆ ಕಾರು ಹಿಡಿಯುವುದು ಒಳ್ಳೆಯದು, ಚೀಲಗಳು ಅದರಲ್ಲೇ ಇರುತ್ತವೆ.

ಎರಡನೆಯ ರಾತ್ರಿ ತಂಜಾವೂರಿನಿಂದ ಚೆನ್ನೈಗೆ ಉಳವನ್ ಎಕ್ಸ್‌ಪ್ರೆಸ್. ತಮಿಳಿನಲ್ಲಿ ಉಳವನ್ ಎಂದರೆ ರೈತ, ನಮ್ಮ 'ಉಳುವವನು' ಎಂಬ ಮಾತಿನ ಒಡಹುಟ್ಟು. ರಾತ್ರಿ ಹತ್ತಕ್ಕೆ ಸ್ವಲ್ಪ ಮೊದಲು ತಂಜಾವೂರಿನಲ್ಲೇ ಹುಟ್ಟಿ ಹೊರಡುವ ಈ ರೈಲು ಬೆಳಗಿನ ಜಾವ ಚೆನ್ನೈ ಸೇರುತ್ತದೆ. ಮೂರನೆಯ ರಾತ್ರಿ ಚೆನ್ನೈ ಎಗ್ಮೋರಿನಿಂದ ಪಾಂಡಿಯನ್ ಎಕ್ಸ್‌ಪ್ರೆಸ್, ಒಂಬತ್ತೂವರೆಯ ಮೇಲೆ ಹೊರಟು ಬೆಳಿಗ್ಗೆ ಐದೂವರೆಯ ಸುಮಾರಿಗೆ ಮಧುರೈ. ನಾಲ್ಕನೆಯ ರಾತ್ರಿ ತೂತ್ತುಕುಡಿಯಿಂದ ಮೈಸೂರಿಗೆ ಬರುವ ಎಕ್ಸ್‌ಪ್ರೆಸ್, ಮಧುರೈಯನ್ನು ರಾತ್ರಿ ಎಂಟರ ಹೊತ್ತಿಗೆ ಬಿಟ್ಟು ಬೆಳಿಗ್ಗೆ ಆರೂವರೆಯ ಆಸುಪಾಸಿಗೆ ಬೆಂಗಳೂರು ತಲುಪಿಸುತ್ತದೆ.

ಈ ನಾಲ್ಕರಲ್ಲಿ ನಡುವಿನ ಎರಡು ರೈಲುಗಳಿಗೆ ಒಂದು ವಿಶೇಷವಿದೆ. ನಾವು ಹತ್ತುವ ಊರಿನಲ್ಲೇ ಹುಟ್ಟಿ, ನಾವು ಇಳಿಯುವ ಊರಿನಲ್ಲೇ ಕೊನೆಯಾಗುತ್ತವೆ. ಹುಟ್ಟುವ ಊರಿನಿಂದ ಕೊನೆಯ ಊರಿಗೆ ಹೋಗುವವರಿಗೆ ಬರ್ತ್‌ಗಳ ದೊಡ್ಡ ಪಾಲು ಮೀಸಲಿರುತ್ತದೆ. ಇನ್ನೊಂದು ಲಾಭ ನಿದ್ದೆಯದು, ಊರು ದಾಟಿಹೋಗುವ ಭಯವಿಲ್ಲ. ಮೊದಲನೆಯದು ಮತ್ತು ಕೊನೆಯದು ಹಾಗಲ್ಲ. ಕುಂಭಕೋಣದಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ನಾಲ್ಕು ಜನ, ಆರು ಚೀಲ ಇಳಿಯಬೇಕೆಂದರೆ ತಂಜಾವೂರು ಬಂದಾಗಲೇ ಎಲ್ಲರೂ ಎದ್ದು ಕೂತಿರಬೇಕು. ಫೋನಿನ ಅಲಾರಂ ಜೊತೆಗೆ ರೈಲ್ವೆಯ 139ರಲ್ಲಿ ಇಳಿಯುವ ನಿಲ್ದಾಣದ ಎಚ್ಚರಿಕೆಯ ಕರೆಯನ್ನೂ ಹಾಕಿಸಬಹುದು. ಗಾಡಿ ತಡವಾಗಿದ್ದರೆ ಅಲಾರಂ ಸುಮ್ಮನೆ ಬೇಗ ಎಬ್ಬಿಸುತ್ತದೆ, ಅಷ್ಟೆ.

ಅಮ್ಮನ ಜೊತೆ ಹೋದಾಗ ನಾನು ಇದೇ ಸುತ್ತನ್ನು ಹಿಂದುಮುಂದಾಗಿ ಮಾಡಿದ್ದೆ. ಮೊದಲು ಮಧುರೈ, ಆಮೇಲೆ ಚೆನ್ನೈ, ಕೊನೆಗೆ ತಂಜಾವೂರು. ಆ ದಿಕ್ಕಿನಲ್ಲಿ ಊರು ತಲುಪುವ ವೇಳೆಗಳು ವಯಸ್ಸಾದವರಿಗೆ ಹಿತವಾಗಿವೆ. ಮಧುರೈಗೆ ಬೆಳಿಗ್ಗೆ ಏಳರ ಆಸುಪಾಸು, ಚೆನ್ನೈಗೆ ಐದೂವರೆ, ತಂಜಾವೂರಿಗೆ ಆರರ ಹೊತ್ತು. ನಾಲ್ಕು ಗಂಟೆಗೆ ಎಬ್ಬಿಸುವ ಊರು ಒಂದೂ ಇಲ್ಲ, ಬೆಂಗಳೂರೊಂದನ್ನು ಬಿಟ್ಟು. ಆದರೆ ಒಂದು ನಷ್ಟವೂ ಇದೆ. ತಂಜಾವೂರಿನಿಂದ ಹಿಂದಿರುಗುವ ರೈಲು ಸಂಜೆ ಏಳರ ಸುಮಾರಿಗೇ ಹೊರಡುತ್ತದೆ. ದೊಡ್ಡ ದೇವಸ್ಥಾನ ಮಧ್ಯಾಹ್ನ ಮುಚ್ಚಿ ನಾಲ್ಕಕ್ಕೆ ಮತ್ತೆ ತೆರೆಯುತ್ತದೆ. ಬಿಸಿಲು ಇಳಿದು ಕಲ್ಲು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ನಾವು ನಿಲ್ದಾಣಕ್ಕೆ ಆಟೊ ಹುಡುಕುತ್ತಿದ್ದೆವು. ರಾಜರಾಜ ಚೋಳ 1010ರಲ್ಲಿ ಮುಗಿಸಿದ ಆ ಗೋಪುರದ ಕೆಳಗೆ ಸಂಜೆ ಕೂರಬೇಕೆಂಬ ಅಮ್ಮನ ಆಸೆ ಹಾಗೇ ಉಳಿಯಿತು.

ಅಕ್ಕನಿಗೆ ನಾನು ಹೇಳಿದ್ದು ಮೊದಲಿನ ದಿಕ್ಕನ್ನೇ, ತಂಜಾವೂರು ಮೊದಲು, ಮಧುರೈ ಕೊನೆಗೆ. ಕಾರಣ ಗೋಪುರದ ಸಂಜೆಯಷ್ಟೇ ಅಲ್ಲ. ಸುತ್ತಿನಲ್ಲಿ ಯಾವ ರಾತ್ರಿಯ ಟಿಕೆಟ್ ಸಿಗುವುದು ಎಲ್ಲಕ್ಕಿಂತ ಕಷ್ಟ ಎಂದು ಮೊದಲು ಕೇಳಿಕೊಳ್ಳಬೇಕು. ಉತ್ತರ ಹೆಚ್ಚಾಗಿ ಒಂದೇ, ರಜೆ ಮುಗಿಯುವ ಭಾನುವಾರದ ರಾತ್ರಿ ಬೆಂಗಳೂರಿಗೆ ವಾಪಸಾಗುವುದು. ಆ ರಾತ್ರಿ ನಾವು ಎಲ್ಲಿರುತ್ತೇವೋ ಆ ಊರಿಗೆ ಬೇರೆ ದಾರಿಗಳೂ ಇರಬೇಕು. ಮಧುರೈನಿಂದ ಆ ಮೈಸೂರು ರೈಲಿನ ಹೊರತಾಗಿ ನಾಗರಕೋಯಿಲ್‌ನಿಂದ ಬೆಂಗಳೂರಿಗೆ ಬರುವ ರೈಲು ಮಧ್ಯರಾತ್ರಿಯ ಆಸುಪಾಸಿಗೆ ಹಾಯುತ್ತದೆ. ಸರ್ಕಾರಿ ರಾತ್ರಿ ಬಸ್ಸುಗಳಿವೆ. ಏನೂ ಆಗದಿದ್ದರೆ ಒಂದು ರಾತ್ರಿ ಅಲ್ಲೇ ತಂಗಿ ಬೆಳಗಿನ ವಂದೇ ಭಾರತ್ ಹಿಡಿಯಬಹುದು. ತಂಜಾವೂರಿನಲ್ಲಿ ಇಷ್ಟು ಆಯ್ಕೆಗಳಿಲ್ಲ. ಒಂದೇ ಬಾಗಿಲಿನ ಊರನ್ನು ಪ್ರವಾಸದ ಮೊದಲಿಗೂ ಹಲವು ಬಾಗಿಲಿನ ಊರನ್ನು ಕೊನೆಗೂ ಇಡುವುದು ನನ್ನ ಪದ್ಧತಿ. ಮನೆಯಲ್ಲಿ ಹಿರಿಯರಿದ್ದು, ವಾರದ ನಡುವೆ ಹೋಗಲು ಸಾಧ್ಯವಿದ್ದರೆ ಮಾತ್ರ ಇನ್ನೊಂದು ದಿಕ್ಕು.

ಇನ್ನು ಟಿಕೆಟ್ ಮಾಡುವ ದಿನಗಳು. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 60 ದಿನ. ಅದಕ್ಕೂ ಮೊದಲು 120 ದಿನವಿತ್ತು. ಪ್ರಯಾಣದ ದಿನವನ್ನು ಬಿಟ್ಟು 60 ದಿನ ಹಿಂದಕ್ಕೆ ಎಣಿಸಬೇಕು. ಅಕ್ಕನ ಪ್ರಯಾಣ 2026ರ ಅಕ್ಟೋಬರ್ 1, ಗುರುವಾರ ಸಂಜೆ ಶುರು. ಆ ಟಿಕೆಟ್ ತೆರೆಯುವುದು ಆಗಸ್ಟ್ 2, ಭಾನುವಾರ ಬೆಳಿಗ್ಗೆ ಎಂಟಕ್ಕೆ. ಆದರೆ ಉಳಿದ ಮೂರು ಟಿಕೆಟ್ ಅಂದು ಸಿಗುವುದಿಲ್ಲ. ಶುಕ್ರವಾರ ರಾತ್ರಿಯ ಉಳವನ್ ಆಗಸ್ಟ್ 3ಕ್ಕೆ ತೆರೆಯುತ್ತದೆ, ಶನಿವಾರದ ಪಾಂಡಿಯನ್ ಆಗಸ್ಟ್ 4ಕ್ಕೆ, ಭಾನುವಾರದ ವಾಪಸು ರೈಲು ಆಗಸ್ಟ್ 5ಕ್ಕೆ. ನಾಲ್ಕು ಬೆಳಿಗ್ಗೆ ಎಂಟು ಗಂಟೆಗೆ ನಾಲ್ಕು ಸಲ ಕೂರಬೇಕು. ಎಲ್ಲಕ್ಕಿಂತ ಕಷ್ಟದ ಕೊಂಡಿ ಎಲ್ಲಕ್ಕಿಂತ ಕೊನೆಗೆ ತೆರೆಯುತ್ತದೆ ಎಂಬುದನ್ನು ಗಮನಿಸಿ. ಮೊದಲ ಮೂರಕ್ಕೆ ದುಡ್ಡು ಕೊಟ್ಟಾದ ಮೇಲೆ ನಾಲ್ಕನೆಯದು ಸಿಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಕೆಲವರು ಇದಕ್ಕೆ ಹೆದರಿ ಕೊನೆಯದು ಸಿಗುವವರೆಗೆ ಮೊದಲಿನದನ್ನು ಮಾಡದೆ ಕಾಯುತ್ತಾರೆ. ಹಾಗೆ ಮಾಡಬಾರದು. ಮೂರು ದಿನ ಕಾಯುವಷ್ಟರಲ್ಲಿ ರಜೆಯ ಹಿಂದಿನ ಸಂಜೆಯ ಬರ್ತ್‌ಗಳು ಮುಗಿದಿರುತ್ತವೆ. ಆಯಾ ದಿನದ್ದನ್ನು ಆಯಾ ದಿನ ಮಾಡಿಬಿಡಬೇಕು. ಎರಡು ತಿಂಗಳು ಮುಂಚೆ ರದ್ದು ಮಾಡಿದರೆ ಪ್ರತಿ ಬರ್ತಿಗೆ ದರ್ಜೆಗೊಂದು ನಿಗದಿತ ಮೊತ್ತವಷ್ಟೇ ಮುರಿದುಕೊಳ್ಳುತ್ತಾರೆ. ಹೊರಡುವ ಹೊತ್ತು ಹತ್ತಿರವಾದಷ್ಟೂ ಕಡಿತ ಟಿಕೆಟ್ ದರದ ಪಾಲಾಗಿ ಬೆಳೆಯುತ್ತದೆ. ಆದ್ದರಿಂದ ಆಗಸ್ಟ್ 5ರ ಬೆಳಿಗ್ಗೆ ಕೊನೆಯ ಕೊಂಡಿ ಕೈತಪ್ಪಿದರೆ ಅಂದೇ ಕೂತು ತೀರ್ಮಾನಿಸಬೇಕು. ಬಸ್ಸಿನಲ್ಲಿ ಬರುತ್ತೇವೆಯೇ, ಒಂದು ದಿನ ಹೆಚ್ಚು ರಜೆ ಹಾಕಿ ಸೋಮವಾರ ರಾತ್ರಿ ಬರುತ್ತೇವೆಯೇ, ಅಥವಾ ಇಡೀ ಸುತ್ತನ್ನೇ ಬಿಡುತ್ತೇವೆಯೇ? ಸೋಮವಾರದ ರೈಲು ತೆರೆಯುವುದು ಮರುದಿನ ಆಗಸ್ಟ್ 6ಕ್ಕೆ, ಅದು ಕೈಯಲ್ಲಿರುವ ಎರಡನೆಯ ಅವಕಾಶ. ಅಕ್ಟೋಬರ್ ಬರಲಿ ನೋಡೋಣ ಎಂದು ವೇಟಿಂಗ್ ಲಿಸ್ಟ್ ಹಿಡಿದು ಕೂತರೆ ಈ ಆಯ್ಕೆಗಳೆಲ್ಲ ಒಂದೊಂದಾಗಿ ಮುಚ್ಚಿಹೋಗುತ್ತವೆ.

ದಿನ ಎಣಿಸುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 60 ದಿನವನ್ನು ರೈಲು ತನ್ನ ಮೊದಲ ನಿಲ್ದಾಣ ಬಿಡುವ ದಿನದಿಂದ ಎಣಿಸುತ್ತಾರೆ, ನಾವು ಹತ್ತುವ ದಿನದಿಂದಲ್ಲ. ಅಕ್ಕನ ನಾಲ್ಕೂ ರೈಲುಗಳು ಹುಟ್ಟಿದ ದಿನವೇ ನಮ್ಮ ನಿಲ್ದಾಣಕ್ಕೆ ಬರುವುದರಿಂದ ಇಲ್ಲಿ ತೊಡಕಿಲ್ಲ. ಆದರೆ ಚೆನ್ನೈಯಿಂದ ರಾತ್ರಿ ಹೊರಟು ನಸುಕಿನಲ್ಲಿ ಬೆಂಗಳೂರು ಹಾಯ್ದು ಮೈಸೂರಿಗೆ ಹೋಗುವ ಕಾವೇರಿ ಎಕ್ಸ್‌ಪ್ರೆಸ್ ತೆಗೆದುಕೊಳ್ಳಿ. 10ನೇ ತಾರೀಖು ಬೆಂಗಳೂರಿನಲ್ಲಿ ಹತ್ತುವವರಿಗೆ ಆ ರೈಲು 9ರದ್ದು. ಹಾಗಾಗಿ ಅದರ ಟಿಕೆಟ್ ನಮ್ಮ ಲೆಕ್ಕಕ್ಕಿಂತ ಒಂದು ದಿನ ಮೊದಲೇ ತೆರೆದಿರುತ್ತದೆ. ಉತ್ತರದಿಂದ ಎರಡು ರಾತ್ರಿ ಓಡಿ ಬರುವ ರೈಲುಗಳಲ್ಲಿ ಈ ವ್ಯತ್ಯಾಸ ಎರಡು ದಿನವೂ ಆಗುತ್ತದೆ. ಇದು ತಿಳಿಯದವರು ತಮ್ಮ ಲೆಕ್ಕದ 60ನೇ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂತು, ಆಗಲೇ ವೇಟಿಂಗ್ ಲಿಸ್ಟ್ ಕಂಡು ಬೆರಗಾಗುತ್ತಾರೆ. ತತ್ಕಾಲ್‌ಗೂ ಇದೇ ನಿಯಮ.

ಮಧ್ಯರಾತ್ರಿಯ ತಾರೀಖಿನ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಆ ಪೆಟ್ಟು ನಾನೇ ತಿಂದಿದ್ದೇನೆ. ವರ್ಷಗಳ ಹಿಂದೆ ಹನ್ನೆರಡೂ ಕಾಲಿನ ರೈಲಿಗೆ ಶನಿವಾರ ರಾತ್ರಿ ಹೊರಡುವುದು ಎಂದುಕೊಂಡು ಶನಿವಾರದ ತಾರೀಖು ಹಾಕಿದೆ. ಶನಿವಾರ ರಾತ್ರಿ ಹನ್ನೊಂದೂವರೆಗೆ ನಿಲ್ದಾಣ ಸೇರಿದಾಗ ನನ್ನ ರೈಲು ಹೋಗಿ ಹೆಚ್ಚುಕಡಿಮೆ ಒಂದು ದಿನ ಕಳೆದಿತ್ತು. ರಾತ್ರಿ ಹನ್ನೆರಡು ದಾಟಿದರೆ ತಾರೀಖು ಭಾನುವಾರದ್ದು. ಆ ಒಂದು ಕೊಂಡಿ ತಪ್ಪಿದ್ದರಿಂದ ಮುಂದಿನ ಎರಡು ಟಿಕೆಟ್‌ಗಳೂ ವ್ಯರ್ಥವಾದವು. ಕೊಂಡಿ ಕೊಂಡಿಯಾಗಿ ಹೆಣೆದ ಪ್ರವಾಸದಲ್ಲಿ ತಪ್ಪು ಒಂದೇ ಟಿಕೆಟ್ಟಿಗೆ ನಿಲ್ಲುವುದಿಲ್ಲ. ಆಮೇಲಿನಿಂದ ಪ್ರತಿ ಟಿಕೆಟ್‌ನ ತಾರೀಖನ್ನೂ ವಾರವನ್ನೂ ಕಾಗದದ ಮೇಲೆ ಬರೆದು ಇನ್ನೊಬ್ಬರಿಗೆ ತೋರಿಸಿಯೇ ದುಡ್ಡು ಕಟ್ಟುತ್ತೇನೆ. ಮಧ್ಯರಾತ್ರಿಯ ಆಸುಪಾಸಿನ ನಾಗರಕೋಯಿಲ್ ರೈಲನ್ನು ಅಕ್ಕನಿಗೆ ಎರಡನೆಯ ಆಯ್ಕೆಯಾಗಿ ಬರೆದುಕೊಟ್ಟಾಗಲೂ ಮಧುರೈಯಿಂದ ಹೊರಡುವ ನಿಮಿಷವನ್ನು ನೋಡಿಯೇ ತಾರೀಖು ಹಾಕು ಎಂದು ಕೆಳಗೆ ಗೆರೆ ಎಳೆದಿದ್ದೇನೆ.

ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣವನ್ನು ಮುಂಚೆಯೇ ಮುಗಿಸಿಟ್ಟುಕೊಳ್ಳಬೇಕು. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಅದು ಕಡ್ಡಾಯವಾಯಿತು. ಆಮೇಲೆ ಸಾಮಾನ್ಯ ಟಿಕೆಟ್ ತೆರೆಯುವ ಮೊದಲ ಹೊತ್ತನ್ನೂ ದೃಢೀಕರಿಸಿದ ಖಾತೆಗಳಿಗೇ ಮೀಸಲಿಟ್ಟರು. ಆಗಸ್ಟ್ 2ರ ಬೆಳಿಗ್ಗೆ ಏಳೂಮುಕ್ಕಾಲಿಗೆ ಈ ಕೆಲಸ ಶುರುಮಾಡಿದರೆ ಬರ್ತ್ ಸಿಗುವುದಿಲ್ಲ.

ಬರ್ತ್ ಖಾತ್ರಿಯಾಗದೆ ವೇಟಿಂಗ್ ಲಿಸ್ಟ್ ಬಂದರೆ ಸಂಖ್ಯೆಗಿಂತ ಮೊದಲು ಅದರ ಮುಂದಿನ ಅಕ್ಷರಗಳನ್ನು ನೋಡಬೇಕು. GNWL ಎಂದಿದ್ದರೆ ರೈಲು ಹುಟ್ಟುವ ಊರಿನ ಅಥವಾ ಅದರ ಹತ್ತಿರದ ನಿಲ್ದಾಣಗಳ ಸಾಮಾನ್ಯ ಪಟ್ಟಿ. ದೊಡ್ಡ ಪಾಲು ಅದೇ ಆದ್ದರಿಂದ ಅದರಲ್ಲಿ ರದ್ದಾಗುವ ಟಿಕೆಟ್‌ಗಳೂ ಹೆಚ್ಚು, ಪಟ್ಟಿ ಬೇಗ ಜರುಗುತ್ತದೆ. RLWL ಎಂದರೆ ನಡುವಿನ ದೊಡ್ಡ ಊರೊಂದಕ್ಕೆ ಕೊಟ್ಟ ಚಿಕ್ಕ ಪಾಲು, PQWL ಎಂದರೆ ನಡುವಿನ ಹಲವು ಊರುಗಳು ಹಂಚಿಕೊಳ್ಳುವ ಪಾಲು. ಇವು ನಿಧಾನ. GNWL 20ಕ್ಕಿಂತ PQWL 8 ಕಷ್ಟದ್ದಾಗಿರಬಹುದು. ಅಕ್ಕನ ಸುತ್ತಿನಲ್ಲಿ ಈ ಚಿಂತೆ ಬರುವುದು ನಡುದಾರಿಯಲ್ಲಿ ಹತ್ತುವ ಕೊನೆಯ ಕೊಂಡಿಗೆ. ಮಧುರೈಯಿಂದ ಪಾಲು ಮುಗಿದಿದ್ದರೆ ತೂತ್ತುಕುಡಿಯಿಂದಲೇ ಟಿಕೆಟ್ ಇದೆಯೇ ನೋಡಬೇಕು. ಇದ್ದರೆ ಅಲ್ಲಿಂದ ಮಾಡಿ, ಹತ್ತುವ ನಿಲ್ದಾಣವನ್ನು ಮಧುರೈ ಎಂದು ನಮೂದಿಸಬಹುದು. ಹೆಚ್ಚಿನ ದೂರದ ದರ ಕೊಡಬೇಕಾಗುತ್ತದೆ, ಆದರೆ ಒಂದು ರಾತ್ರಿಯ ಲಾಡ್ಜಿಗೆ ಹೋಲಿಸಿದರೆ ಅದು ಸಣ್ಣ ಮೊತ್ತ. ಹತ್ತುವ ನಿಲ್ದಾಣ ನಮೂದಿಸುವುದನ್ನು ಮಾತ್ರ ಮರೆಯಬಾರದು. ಮರೆತರೆ ತೂತ್ತುಕುಡಿಯಲ್ಲಿ ನಾವು ಕಾಣದಿದ್ದಾಗ ಟಿಕೆಟ್ ಪರೀಕ್ಷಕರು ಬರ್ತನ್ನು ಬೇರೆಯವರಿಗೆ ಕೊಡಬಹುದು.

ಆನ್‌ಲೈನ್ ಟಿಕೆಟ್ ಚಾರ್ಟ್ ಆಗುವವರೆಗೂ ಪೂರ್ತಿ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನೇ ರದ್ದಾಗಿ ದುಡ್ಡು ವಾಪಸಾಗುತ್ತದೆ. ದುಡ್ಡು ಬರುತ್ತದೆ, ಆದರೆ ಆ ರಾತ್ರಿ ಮಲಗಲು ಜಾಗವಿರುವುದಿಲ್ಲ. ತತ್ಕಾಲ್ ಇದೆಯಲ್ಲ ಎನ್ನುತ್ತಾರೆ. ರೈಲು ಹೊರಡುವ ಹಿಂದಿನ ದಿನ ಹವಾನಿಯಂತ್ರಿತ ದರ್ಜೆಗೆ ಹತ್ತು ಗಂಟೆಗೆ, ಸ್ಲೀಪರ್‌ಗೆ ಹನ್ನೊಂದಕ್ಕೆ ತೆರೆಯುತ್ತದೆ. ಆದರೆ ಪ್ರವಾಸದ ನಡುವೆ ಅದು ಯಾವ ಹೊತ್ತು? ಶನಿವಾರದ ಪಾಂಡಿಯನ್‌ಗೆ ಶುಕ್ರವಾರ ಬೆಳಿಗ್ಗೆ ಹತ್ತು, ಅಂದರೆ ನೀವು ದಾರಾಸುರಂನ ಕಂಬಗಳ ನಡುವೆ ಇರುವ ಹೊತ್ತು. ಭಾನುವಾರದ ರೈಲಿಗೆ ಶನಿವಾರ ಹತ್ತು, ಮಹಾಬಲಿಪುರದ ಬಸ್ಸಿನಲ್ಲಿರುವ ಹೊತ್ತು. ಫೋನಿಗೆ ಒಟಿಪಿ ಬರಬೇಕು, ಸಿಗ್ನಲ್ ಇರಬೇಕು, ಒಂದೆರಡು ನಿಮಿಷದಲ್ಲಿ ಮುಗಿಯಬೇಕು. ಖಾತ್ರಿಯಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ದುಡ್ಡೂ ವಾಪಸಿಲ್ಲ. ಹೀಗಾಗಿ ನಾಲ್ಕು ಕೊಂಡಿಗಳಲ್ಲಿ ಒಂದನ್ನು ತತ್ಕಾಲ್ ನಂಬಿ ಬಿಡಬಹುದೇನೋ, ಎರಡನ್ನು ಬಿಡಬಾರದು. ಆ ಒಂದಕ್ಕೂ ಮನೆಯಲ್ಲಿ ಕೂತಿರುವ ಯಾರಾದರೊಬ್ಬರು ತಮ್ಮ ಖಾತೆಯಿಂದ ಮಾಡುವ ಹಾಗೆ ಮೊದಲೇ ಮಾತಾಡಿಟ್ಟುಕೊಳ್ಳಬೇಕು. ಅಕ್ಕನಿಗೆ ಆ ಕೆಲಸ ನಾನು ಮಾಡುತ್ತೇನೆ ಎಂದು ಒಪ್ಪಿದ್ದೇನೆ.

ಈಗ ದುಡ್ಡಿನ ಲೆಕ್ಕ. ರಾತ್ರಿ ರೈಲು ಹತ್ತಿದರೆ ರೂಮಿನ ಬಾಡಿಗೆ ಪೂರ್ತಿ ಉಳಿಯುತ್ತದೆ ಎನ್ನುವುದು ಅರ್ಧ ಸತ್ಯ. ರೂಮಿಗೆ ಬಾಡಿಗೆ ಒಟ್ಟಾಗಿ, ಬರ್ತಿಗೆ ದರ ತಲೆಗೊಂದರಂತೆ. ಐದು ವರ್ಷ ತುಂಬಿದ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರವೇ. ಹಗಲು ಕೂತು ಹೋಗುವ ಟಿಕೆಟ್ಟಿಗೂ ರಾತ್ರಿ ಮಲಗಿ ಹೋಗುವ ಟಿಕೆಟ್ಟಿಗೂ ಇರುವ ಅಂತರವೇ ನಮ್ಮ ಹಾಸಿಗೆಯ ಬಾಡಿಗೆ ಎಂದು ತಿಳಿಯಬೇಕು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಸ್ಲೀಪರ್ ಬರ್ತಿಗೆ ಅಂತರ 150 ರೂಪಾಯಿ, ಮೂರು ಹಂತದ ಎಸಿ ಬರ್ತಿಗೆ 600 ರೂಪಾಯಿ. ಒಬ್ಬರಿಗೆ ಸಾಧಾರಣ ರೂಮು 1,200, ನಾಲ್ಕು ಜನಕ್ಕೆ ಆಗುವ ರೂಮು 2,500. ಒಬ್ಬಂಟಿಯಾಗಿ ಹೋಗುವವರು ಎಸಿಯಲ್ಲಿ ಹೋದರೂ ರಾತ್ರಿಗೆ 600 ಉಳಿಸುತ್ತಾರೆ. ನಾಲ್ಕು ಜನರ ಕುಟುಂಬ ಎಸಿಯಲ್ಲಿ ಹೋದರೆ ಹಾಸಿಗೆಯ ಬಾಡಿಗೆ 2,400 ಆಗಿ, ಉಳಿಯುವುದು 100 ಮಾತ್ರ. ಅದೇ ಕುಟುಂಬ ಸ್ಲೀಪರ್‌ನಲ್ಲಿ ಹೋದರೆ 1,900 ಉಳಿಯುತ್ತದೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ರೈಲಿನ, ನಿಮ್ಮ ಊರಿನ ನಿಜವಾದ ದರ ಹಾಕಿ ನೋಡಬಹುದು.

ಕುಟುಂಬಕ್ಕೆ ಹೆಚ್ಚಿನ ಲಾಭ ದುಡ್ಡಿನದ್ದಲ್ಲ, ಹೊತ್ತಿನದು. ಇದೇ ಸುತ್ತನ್ನು ಹಗಲು ರೈಲುಗಳಲ್ಲಿ ಮಾಡಿದರೆ ಮೂರು ಹಗಲಿನ ಬದಲು ಐದಾರು ಬೇಕು, ಅಷ್ಟು ರಜೆ ಯಾರಿಗಿದೆ? ಭಾವ ಎಸಿ ಬೇಕೆಂದರು, ಅಕ್ಕ ಸ್ಲೀಪರ್ ಸಾಕೆಂದಳು. ನಡುದಾರಿಯಾಗಿ ಮೊದಲ ಮತ್ತು ಕೊನೆಯ ರಾತ್ರಿ ಎಸಿ, ನಡುವಿನ ಎರಡು ಸ್ಲೀಪರ್ ಎಂದು ತೀರ್ಮಾನವಾಯಿತು. ಕೊನೆಯ ರಾತ್ರಿ ಎಸಿ ಎಂದದ್ದಕ್ಕೆ ಕಾರಣವಿದೆ. ಸೋಮವಾರ ಬೆಳಿಗ್ಗೆ ಇಳಿದು ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋಗಬೇಕು. ಆ ನಿದ್ದೆಗೆ ಕೊಡುವ ದುಡ್ಡು ಸಾರ್ಥಕ.

ಉಳಿದದ್ದು ಸ್ನಾನ ಮತ್ತು ಚೀಲ. ಮೂರು ದಿನ ರೂಮಿಲ್ಲದೆ ಇರುವವರಿಗೆ ಈ ಎರಡೇ ನಿಜವಾದ ಕಷ್ಟ. ನಿಲ್ದಾಣದ ಸಾಮಾನು ಕೋಣೆಯಲ್ಲಿ ಚೀಲ ಇಡಬೇಕೆಂದರೆ ಪ್ರತಿ ಚೀಲಕ್ಕೂ ಬೀಗ ಇರಬೇಕು, ಟಿಕೆಟ್ ತೋರಿಸಬೇಕು. ಜಿಪ್ಪಿಗೆ ಬೀಗ ಬೀಳದ ಬಟ್ಟೆ ಚೀಲವನ್ನು ತೆಗೆದುಕೊಳ್ಳುವುದಿಲ್ಲ. ಚೆನ್ನೈಯಲ್ಲಿ ಇಳಿಯುವ ಮತ್ತು ಹತ್ತುವ ನಿಲ್ದಾಣ ಎರಡೂ ಎಗ್ಮೋರ್ ಆಗಿದ್ದರೆ ಈ ಏರ್ಪಾಡು ಸಲೀಸು. ಆದರೆ ಎಗ್ಮೋರ್ ನಿಲ್ದಾಣದ ಪುನರ್‌ನಿರ್ಮಾಣ ನಡೆದಿದ್ದರಿಂದ ಕೆಲವು ರೈಲುಗಳನ್ನು ತಾಂಬರಂನಲ್ಲೇ ನಿಲ್ಲಿಸಿದ್ದುಂಟು. ಟಿಕೆಟ್ ಮಾಡುವಾಗಲೂ ಹೊರಡುವ ವಾರದಲ್ಲೂ ನಿಲ್ದಾಣದ ಹೆಸರನ್ನು ನೋಡಿಕೊಳ್ಳಬೇಕು. ತಾಂಬರಂ ಆಗಿದ್ದರೂ ನಷ್ಟವಿಲ್ಲ, ಮಹಾಬಲಿಪುರಕ್ಕೆ ಅದೇ ಹತ್ತಿರ, ಸಂಜೆ ಎಗ್ಮೋರಿಗೆ ಉಪನಗರ ರೈಲು ಸಿಗುತ್ತದೆ. ಚೀಲ ಮಾತ್ರ ಜೊತೆಗೇ ಬರಬೇಕಾಗುತ್ತದೆ.

ಸ್ನಾನಕ್ಕೆ ನಿರೀಕ್ಷಣಾ ಕೊಠಡಿಗಳ ಬಚ್ಚಲು ದೊಡ್ಡವರಿಗೆ ಸಾಕು. ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ನಡುವಿನ ಒಂದು ದಿನವಾದರೂ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಕೆಲವು ಗಂಟೆಗೆ ತೆಗೆದುಕೊಳ್ಳಬೇಕು. ಪಿಎನ್‌ಆರ್ ಸಂಖ್ಯೆ ಹಾಕಿ ಐಆರ್‌ಸಿಟಿಸಿಯಲ್ಲೇ ಕಾಯ್ದಿರಿಸಬಹುದು, ಬೇಗ ಮುಗಿಯುತ್ತವೆ. ಮಧುರೈನಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ಮೀನಾಕ್ಷಿ ದೇವಸ್ಥಾನ ಮುಚ್ಚಿರುತ್ತದೆ. ಹೊರಗೆ ಬಿಸಿಲು, ನೋಡಲು ಹೆಚ್ಚೇನಿಲ್ಲ. ಮೂರು ರಾತ್ರಿ ಗಾಡಿಯಲ್ಲಿ ಮಲಗಿದ ಮೈಗೆ ಅಲುಗಾಡದ ಮಂಚ ಬೇಕೆನಿಸುವುದು ಆಗಲೇ. ಅಮ್ಮನ ಜೊತೆ ಹೋದಾಗ ಇದನ್ನು ನಾನು ಯೋಚಿಸಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವರ ಕಾಲು ಊದಿಕೊಂಡಿತ್ತು. ಹೇಳಲೂ ಇಲ್ಲ, ಕಂಬಕ್ಕೆ ಒರಗಿ ಕೂತುಬಿಟ್ಟರು.

ಅಕ್ಕನ ಪಟ್ಟಿಯಲ್ಲಿ ಮಧುರೈ ಎಂದಿರುವ ಕಡೆ ಹನ್ನೆರಡೂವರೆಯಿಂದ ನಾಲ್ಕು, ಕೊಠಡಿ, ಎಲ್ಲರೂ ಮಲಗಬೇಕು ಎಂದು ಬರೆದಿದ್ದೇನೆ. ಆ ಬಾಡಿಗೆಯನ್ನು ಖರ್ಚಿನ ಕಾಗದದಲ್ಲಿ ಮೊದಲ ಸಾಲಿಗೇ ಹಾಕಿ ಎಂದು ಭಾವನಿಗೂ ಹೇಳಿದ್ದೇನೆ.